ಎರಡು ಅಂತರ ಕೆಡಿಸುವ ಒಂದು ಸಂಖ್ಯೆ

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಇಂಥ ಸಾಲು ಹೊಸದಲ್ಲ: 3, 7, 15, 31, 65, 127. ಇದರಲ್ಲಿ ತಪ್ಪಿರುವುದು ಯಾವುದು?

ಪ್ರತಿ ಸಂಖ್ಯೆಯನ್ನೂ ಅದರ ಮುಂದಿನದರಿಂದ ಕಳೆಯುತ್ತ ಹೋಗಿ. 4, 8, 16, 34, 62 ಸಿಗುತ್ತವೆ. ಮೊದಲ ಮೂರು ಇಮ್ಮಡಿಯಾಗುತ್ತ ಬಂದಿವೆ. ಮುಂದೆ 32, 64 ಬರಬೇಕಿತ್ತು. ಒಂದು ಅಂತರ ಎರಡು ಹೆಚ್ಚು, ಇನ್ನೊಂದು ಎರಡು ಕಡಿಮೆ. ನಡುವಿನ ಸಂಖ್ಯೆ ಕೆಟ್ಟರೆ ಅದರ ಎಡಬಲದ ಅಂತರಗಳೆರಡೂ ಹೀಗೆ ಸಮಸಮವಾಗಿ ಕೆಡುತ್ತವೆ. ಅವೆರಡರ ನಡುವೆ ಕೂತಿರುವುದು 65. ಅದು 63 ಆಗಬೇಕು.

ಅವಸರದವರು ಎಡವುವುದು ಇಲ್ಲೇ. 65ನ್ನೇ ನಂಬಿ ಇಮ್ಮಡಿಸಿ ಒಂದು ಕೂಡಿಸಿದರೆ 131 ಬರುತ್ತದೆ. ಪಾಪ, ತಪ್ಪೇ ಮಾಡದ 127ರ ಮೇಲೆ ಗುರುತು ಬೀಳುತ್ತದೆ. ಸಾಲಿನ ಮೊದಲ ಅಥವಾ ಕೊನೆಯ ಸಂಖ್ಯೆ ತಪ್ಪಾಗಿದ್ದರೆ ಮಾತ್ರ ಒಂದೇ ಅಂತರ ಕೆಡುತ್ತದೆ.