ನೇರ ಪಾಕಕ್ಕೆ ಹಾರುವ ವೀಕ್ಷಕರು

ಯೂಟ್ಯೂಬ್ ವಿಡಿಯೋದ ಕೆಳಗಿನ ಗೆರೆ ಎಷ್ಟೋ ಕಡೆ ತುಂಡು ತುಂಡಾಗಿ ಕಾಣುತ್ತದೆ. ಒಂದೊಂದು ತುಂಡೂ ಒಂದು ಚಾಪ್ಟರ್. 2020ರಲ್ಲಿ ಬಂದ ಈ ಸೌಲಭ್ಯ ಪಡೆಯಲು ವಿಡಿಯೋದ ವಿವರಣೆಯಲ್ಲಿ ಸಮಯವನ್ನೂ ಅದರ ಮುಂದೆ ಹೆಸರನ್ನೂ ಬರೆದರೆ ಸಾಕು. ಮೊದಲ ಸಮಯ 0:00 ಆಗಿರಬೇಕು, ಕನಿಷ್ಠ ಮೂರು ಸಮಯಗಳು ಏರುವ ಕ್ರಮದಲ್ಲಿರಬೇಕು, ಯಾವ ಚಾಪ್ಟರೂ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ವೀಕ್ಷಕರು ಹೆಸರು ನೋಡಿ ತಮಗೆ ಬೇಕಾದಲ್ಲಿಗೆ ಹಾರುತ್ತಾರೆ. ಹಾಗೆ ಹಾರಿದ ಗುರುತುಗಳನ್ನು ಓದಲು ಬಂದರೆ ಮುಂದಿನ ವಿಡಿಯೋದಲ್ಲಿ ಏನನ್ನು ಹಿಗ್ಗಿಸಬೇಕು, ಏನನ್ನು ಕುಗ್ಗಿಸಬೇಕು ಎಂಬುದು ಗೊತ್ತಾಗುತ್ತದೆ.

ಚಾನೆಲ್ ನಡೆಸುವವರಿಗೆ ಈ ಗುರುತುಗಳು ಸಿಗುವುದು ಯೂಟ್ಯೂಬ್ ಸ್ಟುಡಿಯೋದ ಆಡಿಯನ್ಸ್ ರಿಟೆನ್ಷನ್ ಗ್ರಾಫ್‌ನಲ್ಲಿ. ವಿಡಿಯೋದ ಒಂದೊಂದು ಹಂತವನ್ನು ಒಟ್ಟು ವೀಕ್ಷಣೆಗಳಲ್ಲಿ ಎಷ್ಟು ಪಾಲು ನೋಡಿದೆ ಎಂದು ಅದು ತೋರಿಸುತ್ತದೆ. ಒಬ್ಬರೇ ಒಂದು ಜಾಗವನ್ನು ಎರಡು ಸಲ ನೋಡಿದರೆ ಎರಡೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಕೆಲವು ಜಾಗಗಳಲ್ಲಿ ಗೆರೆ ಶೇ 100 ದಾಟುವುದೂ ಉಂಟು. ಯೂಟ್ಯೂಬಿನ ಅನಲಿಟಿಕ್ಸ್ ಎಪಿಐ ಮೂಲಕ ಇದೇ ಲೆಕ್ಕವನ್ನು ಪಡೆದರೆ ವಿಡಿಯೋ ನೂರು ಸಮ ಪಾಲುಗಳಾಗಿ ಬರುತ್ತದೆ. ಹತ್ತು ನಿಮಿಷದ ವಿಡಿಯೋದಲ್ಲಿ ಒಂದು ಪಾಲೆಂದರೆ 6 ಸೆಕೆಂಡು, ಒಂದು ಗಂಟೆಯ ವಿಡಿಯೋದಲ್ಲಿ 36 ಸೆಕೆಂಡು. ಉದ್ದದ ವಿಡಿಯೋದ ಪುಟ್ಟ ಚಾಪ್ಟರುಗಳ ಬಗ್ಗೆ ಈ ಲೆಕ್ಕದಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಗ್ರಾಫ್ ಓದುವಾಗ ಹಿಡಿಯಬೇಕಾದ ಸೂತ್ರ ಒಂದೇ. ವಿಡಿಯೋ ಬಿಟ್ಟು ಹೋದವರು ಗೆರೆಯನ್ನು ಇಳಿಸುತ್ತಾರೆ, ಮತ್ತೆ ಏರಿಸಲಾರರು. ಆದ್ದರಿಂದ ಇಳಿದ ಗೆರೆ ಇಳಿದೇ ಉಳಿದರೆ ಜನ ಎದ್ದು ಹೋಗಿದ್ದಾರೆ. ಇಳಿದು, ಮುಂದಿನ ಚಾಪ್ಟರ್ ಶುರುವಾಗುವ ಜಾಗದಲ್ಲೇ ಮೆಟ್ಟಿಲಿನಂತೆ ಏರಿದರೆ ಜನ ನಡುವಿನದನ್ನು ದಾಟಿ ಅಲ್ಲಿಗೆ ಬಂದಿದ್ದಾರೆ. ಚಾಪ್ಟರಿನ ಗಡಿಗೆ ಸಂಬಂಧವಿಲ್ಲದೆ ಮಧ್ಯದಲ್ಲೊಂದು ಗುಬ್ಬು ಎದ್ದಿದ್ದರೆ ಅಲ್ಲಿ ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ. ಈ ಮೂರನ್ನೂ ಬೆರೆಸಿ 'ಇಲ್ಲಿ ಆಸಕ್ತಿ ಕಡಿಮೆ, ಅಲ್ಲಿ ಹೆಚ್ಚು' ಎಂದು ತೀರ್ಮಾನಿಸುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಮೈಸೂರು ಪಾಕ್ ಮಾಡುವ ಹತ್ತು ನಿಮಿಷದ ಒಂದು ವಿಡಿಯೋವನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. 0:00ಕ್ಕೆ ಪರಿಚಯ, 1:40ಕ್ಕೆ ಸಾಮಗ್ರಿ, 2:30ಕ್ಕೆ ಕಡಲೆಹಿಟ್ಟು ಜರಡಿ ಹಿಡಿದು ಹುರಿಯುವುದು, 4:00ಕ್ಕೆ ಸಕ್ಕರೆ ಪಾಕ, 6:00ಕ್ಕೆ ತುಪ್ಪ ಹುಯ್ಯುತ್ತಾ ಕೈಯಾಡಿಸುವುದು, 9:00ಕ್ಕೆ ತಟ್ಟೆಗೆ ಸುರಿದು ಕತ್ತರಿಸುವುದು. ಗೆರೆ ಪರಿಚಯದ ಕೊನೆಗೆ ಶೇ 46ಕ್ಕೆ ಇಳಿದು, ಸಾಮಗ್ರಿ ಬಂದೊಡನೆ 57ಕ್ಕೆ ಏರುತ್ತದೆ. ಹಿಟ್ಟು ಹುರಿಯುವಾಗ ಮತ್ತೆ 39ಕ್ಕೆ ಕುಸಿದು, ಪಾಕದ ಚಾಪ್ಟರ್ ಶುರುವಾದ ಕ್ಷಣಕ್ಕೆ 64ಕ್ಕೆ ಜಿಗಿಯುತ್ತದೆ. 5:10ರ ಸುತ್ತ 75ರ ಗುಬ್ಬು. ಆಮೇಲೆ ನಿಧಾನವಾಗಿ ಇಳಿದು, 9:00ರ ಹೊತ್ತಿಗೆ 30.

4:00ರಲ್ಲಿ ಆದ ಏರಿಕೆ 25. ಅಂದರೆ ನೂರು ವೀಕ್ಷಣೆಗಳಲ್ಲಿ ಕನಿಷ್ಠ ಇಪ್ಪತ್ತೈದರಲ್ಲಿ ಜನ ಬೇರೆಲ್ಲಿಂದಲೋ ಅಲ್ಲಿಗೆ ಬಂದಿದ್ದಾರೆ. 'ಕನಿಷ್ಠ' ಏಕೆಂದರೆ ಅದೇ ಹೊತ್ತಿಗೆ ಕೆಲವರು ಬಿಟ್ಟೂ ಹೋಗಿರುತ್ತಾರೆ, ಗ್ರಾಫ್ ತೋರಿಸುವುದು ಬಂದವರಲ್ಲಿ ಹೋದವರನ್ನು ಕಳೆದು ಉಳಿದ ಸಂಖ್ಯೆ. ಹಾಗೆ ಬಂದವರೆಲ್ಲ ವಿಡಿಯೋದ ಒಳಗಿಂದಲೇ ಹಾರಿದವರು ಎನ್ನಲೂ ಆಗದು. ಯಾರೋ ಕಳಿಸಿದ, ಸಮಯ ನಮೂದಿಸಿದ ಲಿಂಕ್ ಒತ್ತಿ ಅಥವಾ ಗೂಗಲ್ ಹುಡುಕಾಟದಲ್ಲಿ ಕಂಡ ಚಾಪ್ಟರ್ ಹೆಸರನ್ನು ಒತ್ತಿ ನೇರ ಪಾಕದಿಂದಲೇ ನೋಡಲು ಶುರುಮಾಡಿದವರೂ ಇರಬಹುದು. ಎಪಿಐಯಲ್ಲಿರುವ startedWatching ಎಂಬ ಅಂಕಿ ಇವರನ್ನು ಬೇರ್ಪಡಿಸುತ್ತದೆ. ಎಷ್ಟು ವೀಕ್ಷಣೆಗಳು ಆ ಪಾಲಿನಿಂದಲೇ ಆರಂಭವಾದವು ಎಂಬುದನ್ನು ಅದು ಹೇಳುತ್ತದೆ. ಅದು ದೊಡ್ಡದಿದ್ದರೆ ಜನ ಮೈಸೂರು ಪಾಕ್ ಹುಡುಕಿಕೊಂಡು ಬಂದಿಲ್ಲ, ಪಾಕದ ಹದ ಹುಡುಕಿಕೊಂಡು ಬಂದಿದ್ದಾರೆ.

5:10ರ ಗುಬ್ಬಿನ ಕಥೆ ಬೇರೆ. ಬೆರಳುಗಳ ನಡುವೆ ಪಾಕ ಒಂದೆಳೆಯಾಗಿ ನಿಲ್ಲುವುದನ್ನು ತೋರಿಸಿದ ಜಾಗ ಅದು. ಎಳೆ ದಾಟಿ ಪಾಕ ಮುಂದೆ ಹೋದರೆ ಮೈಸೂರು ಪಾಕ್ ಕಲ್ಲಾಗುತ್ತದೆಂದು ಮಾಡಿದವರಿಗೆಲ್ಲ ಗೊತ್ತು, ಅದಕ್ಕೇ ಆತಂಕದಿಂದ ಮತ್ತೆ ಮತ್ತೆ ನೋಡುತ್ತಾರೆ. ವಿಡಿಯೋ ತೆರೆದು ನೋಡಿದರೆ ಆ ದೃಶ್ಯ ನಾಲ್ಕೇ ಸೆಕೆಂಡು ಇದೆ, ಕ್ಯಾಮೆರಾ ದೂರದಲ್ಲಿದೆ ಎನ್ನೋಣ. ಆಗ ಗುಬ್ಬು ಮೆಚ್ಚುಗೆಯ ಗುರುತಲ್ಲ, ಸರಿಯಾಗಿ ಕಾಣಲಿಲ್ಲ ಎಂಬ ದೂರು. ಎತ್ತರದ ಗೆರೆಯನ್ನೆಲ್ಲ ಯಶಸ್ಸೆಂದು ಎಣಿಸುವವರು ಇಂಥ ದೂರನ್ನೇ ಕೇಳಿಸಿಕೊಳ್ಳುವುದಿಲ್ಲ.

ಚಾಪ್ಟರಿನ ಹೆಸರೂ ಅಂಕಿಯನ್ನು ಬದಲಿಸುತ್ತದೆ. 'ಭಾಗ 3' ಎಂದಿದ್ದರೆ ಒಳಗೇನಿದೆಯೆಂದು ತಿಳಿಯದು, ಯಾರೂ ಹಾರುವುದಿಲ್ಲ. ಹಾರದಿದ್ದುದು ವಿಷಯ ಬೇಡವೆಂದಲ್ಲ. ಇದಕ್ಕೆ ತದ್ವಿರುದ್ಧವಾಗಿ, ಏರಿದ ಗೆರೆ ಹದಿನೈದಿಪ್ಪತ್ತು ಸೆಕೆಂಡಿನಲ್ಲೇ ಧೊಪ್ಪೆಂದು ಬಿದ್ದರೆ ಹೆಸರು ಕರೆದದ್ದನ್ನು ಚಾಪ್ಟರ್ ಕೊಟ್ಟಿಲ್ಲ, ಇಲ್ಲವೇ ಅಸಲಿ ವಿಷಯ ಬರುವ ಮೊದಲು ಮಾತು ಹೆಚ್ಚಾಗಿದೆ. ಹೆಸರನ್ನೂ ಸಮಯವನ್ನೂ ಪ್ರಕಟವಾದ ವಿಡಿಯೋದಲ್ಲೂ ತಿದ್ದಬಹುದಾದ್ದರಿಂದ ಮೊದಲು ಕೈಹಾಕಬೇಕಾದ್ದು ಇಲ್ಲಿಗೇ. ತಿದ್ದಿದ ದಿನದ ನಂತರದ ಅವಧಿಯನ್ನಷ್ಟೇ ಆರಿಸಿ ಗ್ರಾಫ್ ನೋಡಿದರೆ ಬದಲಾವಣೆ ಫಲಿಸಿತೇ ಎಂಬುದು ಕಾಣುತ್ತದೆ.

ಮುಂದಿನ ವಿಡಿಯೋವನ್ನು ಹೊಸದಾಗಿ ಜೋಡಿಸುವಾಗ ಬರುವ ಮೊದಲ ಆಲೋಚನೆ, ಜನ ಹುಡುಕುವ ಭಾಗವನ್ನೇ ಮುಂದಕ್ಕೆ ತರುವುದು. ಅಡುಗೆಯಲ್ಲಿ ಅದು ನಡೆಯದು, ಹಿಟ್ಟು ಸಿದ್ಧವಾಗದೆ ಪಾಕ ಏರಿಸುವಂತಿಲ್ಲ. ಕ್ರಮ ಹಾಗೇ ಇಟ್ಟು, ಒಂದು ನಿಮಿಷ ನಲವತ್ತು ಸೆಕೆಂಡು ಎಳೆದ ಪರಿಚಯವನ್ನು ಇಪ್ಪತ್ತು ಸೆಕೆಂಡಿಗೆ ಇಳಿಸಿ, ಅದರೊಳಗೇ ಒಂದೆಳೆ ಪಾಕದ ದೃಶ್ಯವನ್ನು ಒಮ್ಮೆ ತೋರಿಸಿ, ಹಿಟ್ಟು ಹುರಿಯುವ ಒಂದೂವರೆ ನಿಮಿಷವನ್ನು ಅರ್ಧಕ್ಕೆ ತರಬಹುದು. ಪಾಕವನ್ನು ಹತ್ತಿರದಿಂದ, ಎಳೆ ಬರುವ ಮುಂಚೆ, ಬಂದಾಗ, ದಾಟಿದ ಮೇಲೆ ಹೀಗೆ ಮೂರು ಹಂತದಲ್ಲಿ ಚಿತ್ರಿಸಬೇಕು.

ಹಾರಿ ಬಂದವರು ಹಿಂದಿನದೇನನ್ನೂ ಕೇಳಿರುವುದಿಲ್ಲ. 'ಆಗಲೇ ಅಳೆದಿಟ್ಟ ಸಕ್ಕರೆ' ಎಂದರೆ ಎಷ್ಟೆಂದು ಅವರಿಗೆ ತಿಳಿಯದು. ಅಳತೆಗಾಗಿ ಹಿಂದಕ್ಕೆ ಹೋಗುತ್ತಾರೆ, ಇಲ್ಲವೇ ಬೇರೆ ವಿಡಿಯೋಗೆ ಹೋಗುತ್ತಾರೆ. ಆದ್ದರಿಂದ ಜನ ಹೆಚ್ಚು ಬಂದಿಳಿಯುವ ಚಾಪ್ಟರ್ ತನ್ನಷ್ಟಕ್ಕೆ ತಾನೇ ಅರ್ಥವಾಗುವಂತಿರಬೇಕು. ಒಂದು ಲೋಟ ಹಿಟ್ಟಿಗೆ ಎಷ್ಟು ಸಕ್ಕರೆ, ಎಷ್ಟು ನೀರು ಎಂದು ಪಾಕದ ಆರಂಭದಲ್ಲಿ ತೆರೆಯ ಮೇಲೆ ಮತ್ತೊಮ್ಮೆ ಬರೆದರೆ ಮೂರು ಸೆಕೆಂಡು ಹಿಡಿಯುತ್ತದೆ, ಮೊದಲಿನಿಂದ ನೋಡುತ್ತಿರುವವರಿಗೂ ಬೇಸರವಾಗದು.

ಹೊಸ ವಿಡಿಯೋವನ್ನು ಹಳೆಯದರೊಡನೆ ಹೋಲಿಸುವಾಗ ಎರಡೂ ಪ್ರಕಟವಾದ ಮೊದಲ 28 ದಿನಗಳನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಮೊದಲು ಬರುವ ಚಂದಾದಾರರ ನಡೆ ಬೇರೆ, ತಿಂಗಳುಗಳ ನಂತರ ಹುಡುಕಿ ಬರುವ ಅಪರಿಚಿತರ ನಡೆ ಬೇರೆ. ಸ್ಟುಡಿಯೋದಲ್ಲಿ ಇವರಿಬ್ಬರ ಗೆರೆಯನ್ನೂ ಪ್ರತ್ಯೇಕವಾಗಿ ನೋಡಬಹುದು. ಐವತ್ತು ವೀಕ್ಷಣೆಯ ವಿಡಿಯೋದಲ್ಲಿ ಒಬ್ಬರ ನಡೆಯಿಂದಲೇ ಗೆರೆ ಶೇ 2ರಷ್ಟು ಆಡುವುದರಿಂದ ಅಲ್ಲಿನ ಏರಿಳಿತಕ್ಕೆ ಅರ್ಥ ಹಚ್ಚಬಾರದು. ಪಾಕಕ್ಕೆಂದೇ ಮೂರು ನಿಮಿಷದ ಬೇರೊಂದು ವಿಡಿಯೋ ಮಾಡಿದ್ದರೆ ಮುಖ್ಯ ವಿಡಿಯೋದ 4:00ರ ಮೆಟ್ಟಿಲು ತಗ್ಗಬಹುದು. ಪಾಕವಷ್ಟೇ ಬೇಕಾದವರು ಅಲ್ಲಿಗೆ ಹೋಗಿರುತ್ತಾರೆ, ಇಲ್ಲಿ ಉಳಿದವರು ಮೈಸೂರು ಪಾಕನ್ನೇ ಮಾಡಲು ಕುಳಿತವರು.