ಪರದೆಯಲ್ಲಿ ಸರಿ, ಪ್ರೆಸ್ಸಿನಲ್ಲಿ ಒಡೆದ ಒತ್ತಕ್ಷರ

ಪ್ರಶ್ನೆ: ಇಂಕ್‌ಸ್ಕೇಪ್‌ನಲ್ಲಿ ಮಾಡಿದ ಲಗ್ನಪತ್ರಿಕೆ ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು. ಪ್ರೆಸ್ಸಿನಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಏಕೆ?

ಉತ್ತರ: ಯೂನಿಕೋಡ್‌ನಲ್ಲಿ ‘ಶ್ರೀ’ ಒಂದೇ ಅಕ್ಷರವಾಗಿ ಉಳಿಯುವುದಿಲ್ಲ. ಕಡತದಲ್ಲಿರುವುದು ಶ, ಹಲಂತ, ರ ಮತ್ತು ದೀರ್ಘ ಈಕಾರದ ಗುರುತು, ಒಟ್ಟು 4 ಸಂಕೇತಗಳು. ಅವನ್ನು ಕೂಡಿಸಿ ಒತ್ತು ಬರೆಯುವ ನಿಯಮಗಳು ಫಾಂಟಿನೊಳಗಿವೆ. ಪ್ರೆಸ್ಸಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಅಥವಾ ಅಲ್ಲಿನ ಹಳೆಯ ತಂತ್ರಾಂಶಕ್ಕೆ ಆ ನಿಯಮಗಳು ತಿಳಿಯದಿದ್ದರೆ, ‘ಶ್ರೀ’ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಪರಿಹಾರ ಸುಲಭ: ಅಕ್ಷರಗಳನ್ನು ಚಿತ್ರರೇಖೆಗಳಾಗಿಸಿ ಕಳಿಸಬೇಕು. ಪಠ್ಯವನ್ನು ಆರಿಸಿ Path ಮೆನುವಿನಲ್ಲಿ Object to Path ಒತ್ತಿದರೆ ಸಾಕು. ಆಮೇಲೆ ಪಠ್ಯದ ಉಪಕರಣದಿಂದ ಅಕ್ಷರಗಳನ್ನು ತಿದ್ದಲು ಬಾರದಿದ್ದರೆ ಕೆಲಸ ಆಗಿದೆ ಎಂದರ್ಥ. ಬಳಿಕ ಪಿಡಿಎಫ್ ಮಾಡಿ ಕೊಟ್ಟರೆ ಯಾವ ಪ್ರೆಸ್ಸಿನಲ್ಲೂ ಫಾಂಟ್ ಬೇಕಾಗದು. ಅಂಗಡಿಯ ಫ್ಲೆಕ್ಸ್, ವಿಸಿಟಿಂಗ್ ಕಾರ್ಡುಗಳಿಗೂ ಇದೇ ದಾರಿ.

ಆದರೆ ರೇಖೆಯಾದ ಮೇಲೆ ವಧುವಿನ ಅಜ್ಜನ ಹೆಸರಿನಲ್ಲಿ ದೀರ್ಘ ತಪ್ಪಿದ್ದರೂ ಟೈಪು ಮಾಡಿ ತಿದ್ದಲಾಗದು. ಆದ್ದರಿಂದ ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೊದಲು ಎರಡೂ ಮನೆಯವರಿಗೆ ಕರಡು ತೋರಿಸಿ ಒಪ್ಪಿಗೆ ಪಡೆಯುವುದೇ ಕ್ರಮ. ಈ ಒಂದು ಹಂತವನ್ನು ಎಷ್ಟೇ ಅವಸರವಿದ್ದರೂ ಬಿಡಬಾರದು.

ಗ್ರಾಹಕರು ಹಳೆಯ ನುಡಿ ಅಥವಾ ಬರಹ ಫಾಂಟಿನ ಒಕ್ಕಣೆ ತಂದಾಗ ತೊಡಕೇ ಬೇರೆ. ಅದನ್ನು ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು, ಅರ್ಕಾವತ್ತುಗಳನ್ನು ಒಂದೊಂದಾಗಿ ಓದಿ ನೋಡಬೇಕು.