ವೇತನ ಬಾಕಿಯ ಮೇಲಿನ ಆದಾಯ ತೆರಿಗೆ: ಕೈಸೇರುವ ಮೊತ್ತದ ವಿವರ

2025-26ನೇ ಆರ್ಥಿಕ ವರ್ಷದಲ್ಲಿ ಹೊಸ ತೆರಿಗೆ ಪದ್ಧತಿಯಡಿ ವಾರ್ಷಿಕ ವೇತನ ರೂ. 12,75,000 ಇರುವ ನೌಕರರಿಗೆ, ಸ್ಟ್ಯಾಂಡರ್ಡ್ ಡಿಡಕ್ಷನ್ ರೂ. 75,000 ಕಳೆದು, ಕಲಂ 87ಎ ರಿಯಾಯಿತಿಯಿಂದ ತೆರಿಗೆ ಶೂನ್ಯವಾಗುತ್ತದೆ. ಅದೇ ವರ್ಷ ತುಟ್ಟಿಭತ್ಯೆ ಬಾಕಿ ರೂ. 40,000 ಸೇರಿದರೆ ತೆರಿಗೆಗೆ ಒಳಪಡುವ ಆದಾಯ ರೂ. 12,40,000 ಆಗಿ, ರಿಯಾಯಿತಿ ಪೂರ್ಣವಾಗಿ ತಪ್ಪುತ್ತದೆ.

ದರಪಟ್ಟಿಯಂತೆ ತೆರಿಗೆ ರೂ. 66,000. ಆದರೆ ಮಾರ್ಜಿನಲ್ ರಿಲೀಫ್ ನಿಯಮದಂತೆ, 12 ಲಕ್ಷ ಮೀರಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ವಿಧಿಸುವಂತಿಲ್ಲ. ಹೀಗಾಗಿ ತೆರಿಗೆ ರೂ. 40,000ಕ್ಕೆ ಇಳಿಯುತ್ತದೆ. ಅದರ ಮೇಲೆ ಶೇ. 4 ಸೆಸ್ ರೂ. 1,600. ಅಂದರೆ ಬಾಕಿಯಲ್ಲಿ ಏನೂ ಉಳಿಯುವುದಿಲ್ಲ, ವಿಚಿತ್ರವೆನಿಸಿದರೂ ರೂ. 1,600 ಕೈಯಿಂದಲೇ ಹೋಗುತ್ತದೆ. ಬಾಕಿ ಒಂದು ಲಕ್ಷವಾಗಿದ್ದಲ್ಲಿ ಸೆಸ್ ಸೇರಿ ತೆರಿಗೆ ರೂ. 78,000, ಕೈಸೇರುವುದು ರೂ. 22,000. ಮೀರಿದ ಮೊತ್ತ ಸುಮಾರು ರೂ. 70,600 ದಾಟಿದ ಬಳಿಕವಷ್ಟೇ ಪ್ರತಿ ಹೆಚ್ಚುವರಿ ನೂರು ರೂಪಾಯಿಯಲ್ಲಿ ರೂ. 84.40 ನೌಕರರಿಗೆ ದಕ್ಕುತ್ತದೆ.

ಮೊದಲ ಉದಾಹರಣೆಯಲ್ಲಿ ರೂ. 68,640 ಕಡಿತವಾಗಿದ್ದರೆ ರಿಲೀಫ್ ಲೆಕ್ಕಕ್ಕೆ ಬಂದಿಲ್ಲವೆಂದೇ ತಿಳಿಯಬೇಕು. ಕೂಡಲೇ ವೇತನ ಬಟವಾಡೆ ಅಧಿಕಾರಿಯ ಗಮನಕ್ಕೆ ತರುವುದು. ಬಾಕಿಯು ಹಿಂದಿನ ವರ್ಷಗಳಿಗೆ ಸಂಬಂಧಿಸಿದ್ದಲ್ಲಿ, ರಿಟರ್ನ್ ಸಲ್ಲಿಸುವ ಮುನ್ನ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಮೂನೆ 10ಇ ಸಲ್ಲಿಸಿ ಕಲಂ 89ರ ಪರಿಹಾರ ಕೋರಬಹುದು.